ಕಂತು ಎಂಟು ದಿನ ತಡವಾಗುತ್ತದೆ ಎಂದು ಗೊತ್ತಾದಾಗ: ದಂಡ ಕಟ್ಟುವುದೋ, ಬೇರೆಡೆ ಹಣ ಹೊಂದಿಸುವುದೋ?

ಕಂತಿನ ವಾಯಿದೆ ಐದನೇ ತಾರೀಖು, ಸಂಬಳ ಬರುವುದು ಹದಿಮೂರಕ್ಕೆ. ನಡುವಿನ ಎಂಟು ದಿನಗಳನ್ನು ಹೇಗೆ ದಾಟುವುದು ಎಂದು ಕೇಳಿಕೊಂಡು ಬರುವವರನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ದಂಡ ಬಡ್ಡಿ ಎಷ್ಟು ಬೀಳುತ್ತದೆ ಸಾರ್?" ಕರಾರು ಪತ್ರದಲ್ಲಿ ವರ್ಷಕ್ಕೆ ಶೇಕಡಾ 24 ಎಂದೋ 36 ಎಂದೋ ಓದಿ ಹೆದರಿರುತ್ತಾರೆ. ಆ ಹೆದರಿಕೆಯಲ್ಲಿ ಕೆಲವರು ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುತ್ತಾರೆ, ಇನ್ನು ಕೆಲವರು ನೂರಕ್ಕೆ ಐದು ರೂಪಾಯಿ ಬಡ್ಡಿಯವರ ಮನೆ ಬಾಗಿಲಿಗೆ ಹೋಗುತ್ತಾರೆ. ಲೆಕ್ಕ ಬಿಡಿಸಿ ನೋಡಿದರೆ ಎಂಟು ದಿನದ ತಡಕ್ಕೆ ಶೇಕಡಾವಾರು ದಂಡ ಬಹಳ ಸಣ್ಣ ಮೊತ್ತ. ಹಣ ಹೋಗುವುದು ಬೇರೆ ಕಡೆಯಿಂದ, ಅಂದರೆ ಕಂತನ್ನು ವಾಯಿದೆಯ ದಿನ ಖಾತೆಯಿಂದ ತಾನಾಗಿ ಹಿಡಿದುಕೊಳ್ಳಲು ನೀವು ಕೊಟ್ಟಿರುವ ಮ್ಯಾಂಡೇಟ್ ಎಂಬ ಒಪ್ಪಿಗೆ, ಹಣವಿಲ್ಲದೆ ಬೌನ್ಸ್ ಆಗುವುದರಿಂದ. ಇದೊಂದು ತಿಳಿದರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಯಾವ ದಾರಿ ಹಿಡಿಯಬೇಕೆಂದು ತೂಗುವಾಗ ನಾನು ನಾಲ್ಕು ವಿಷಯ ನೋಡುತ್ತೇನೆ. ಮೊದಲನೆಯದು, ಎಲ್ಲ ಸೇರಿ ಕೈಯಿಂದ ಹೋಗುವ ಒಟ್ಟು ರೂಪಾಯಿ. ಶೇಕಡಾ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ದಿನಗಳು ಕಡಿಮೆ. ಎರಡನೆಯದು, ಸಾಲದ ದಾಖಲೆಯಲ್ಲಿ, ಅಂದರೆ ಕ್ರೆಡಿಟ್ ವರದಿಯಲ್ಲಿ, ಗುರುತು ಬೀಳುತ್ತದೆಯೇ ಎಂಬುದು. ಮೂರನೆಯದು, ಆ ಹಣ ವಾಯಿದೆಯ ಹಿಂದಿನ ಸಂಜೆಯೊಳಗೆ ನಿಜವಾಗಿ ಖಾತೆಗೆ ಬರುತ್ತದೆಯೇ. ನಾಲ್ಕನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಇದು ಈ ತಿಂಗಳಿನ ತೊಂದರೆಯೋ, ಪ್ರತಿ ತಿಂಗಳಿನದೋ?

ಲೆಕ್ಕಕ್ಕೊಂದು ಉದಾಹರಣೆ

ದಾವಣಗೆರೆಯ ಖಾಸಗಿ ಶಾಲೆಯೊಂದರ ಮೇಷ್ಟ್ರು ಎಂದುಕೊಳ್ಳೋಣ. ಮೂರು ಲಕ್ಷ ರೂಪಾಯಿ ವೈಯಕ್ತಿಕ ಸಾಲ, ಬಡ್ಡಿ ಶೇಕಡಾ 14, ಮೂವತ್ತಾರು ಕಂತು. ಒಂದು ಕಂತಿಗೆ 10,253 ರೂಪಾಯಿ ಬರುತ್ತದೆ. ಹನ್ನೆರಡು ಕಂತು ಕಟ್ಟಿಯಾಗಿದೆ. ಈ ತಿಂಗಳು ಶಾಲೆಯ ಆಡಳಿತ ಮಂಡಳಿ ಸಂಬಳವನ್ನು ಹದಿಮೂರಕ್ಕೆ ಕೊಡುವುದಾಗಿ ಹೇಳಿದೆ. ಅವರ ಕರಾರಿನಲ್ಲಿ ತಡ ಮಾಡಿದ ಮೊತ್ತಕ್ಕೆ ವರ್ಷಕ್ಕೆ ಶೇಕಡಾ 24 ದಂಡ ಶುಲ್ಕ, ಪ್ರತಿ ಬೌನ್ಸಿಗೆ 500 ರೂಪಾಯಿ ಎಂದಿದೆ. ಅವರ ಸಂಬಳದ ಖಾತೆ ಇರುವ ಬ್ಯಾಂಕು ಮ್ಯಾಂಡೇಟ್ ಮರಳಿದರೆ ತನ್ನ ಪಾಲಿಗೆ ಜಿಎಸ್‌ಟಿ ಸೇರಿ 295 ರೂಪಾಯಿ ಹಿಡಿಯುತ್ತದೆ. ಈ ದರಗಳು ಸಾಲದಿಂದ ಸಾಲಕ್ಕೆ ಬೇರೆ. ನಿಮ್ಮ ಕರಾರು ಪತ್ರವನ್ನೂ ನಿಮ್ಮ ಬ್ಯಾಂಕಿನ ಶುಲ್ಕದ ಪಟ್ಟಿಯನ್ನೂ ನೋಡಿ, ನಿಮ್ಮ ಅಂಕಿಗಳನ್ನು ಈ ಜಾಗದಲ್ಲಿ ಇಟ್ಟುಕೊಳ್ಳಿ.

ಎಂಟು ದಿನದ ದಂಡವನ್ನು ಲೆಕ್ಕ ಹಾಕಿ. 10,253ಕ್ಕೆ ಶೇಕಡಾ 24ರಂತೆ ವರ್ಷಕ್ಕೆ 2,461 ರೂಪಾಯಿ. ಅದನ್ನು 365ರಿಂದ ಭಾಗಿಸಿ ಎಂಟರಿಂದ ಗುಣಿಸಿದರೆ 54 ರೂಪಾಯಿ. ಕಟ್ಟದೆ ಉಳಿದ ಕಂತಿನ ಮೇಲೆ ಎಂಟು ದಿನದ ಮಾಮೂಲಿ ಬಡ್ಡಿ ಹೆಚ್ಚೆಂದರೆ 31 ರೂಪಾಯಿ. ಎರಡೂ ಸೇರಿ 85. ಆದರೆ ಮ್ಯಾಂಡೇಟ್ ಮರಳಿದ್ದಕ್ಕೆ ಸಾಲ ಕೊಟ್ಟವರ 500, ತನ್ನದೇ ಬ್ಯಾಂಕಿನ 295, ಒಟ್ಟು 795. ಹೀಗೆ ಮೇಷ್ಟ್ರ ಜೇಬಿನಿಂದ ಹೋಗುವ 880 ರೂಪಾಯಿಯಲ್ಲಿ ಅವರು ಹೆದರಿದ್ದ ದಂಡದ ಪಾಲು ಬರೀ 54.

ಅಷ್ಟಕ್ಕೇ ನಿಲ್ಲದಿರಬಹುದು. ಕೆಲವು ಸಂಸ್ಥೆಗಳು ಮೊದಲ ಸಲ ಹಣ ಸಿಗದಿದ್ದರೆ ಎರಡು ಮೂರು ದಿನ ಬಿಟ್ಟು ಅದೇ ಮ್ಯಾಂಡೇಟನ್ನು ಮತ್ತೆ ಕಳುಹಿಸುತ್ತವೆ. ಸಂಬಳ ಬರುವ ಮುಂಚೆ ಅದು ಎರಡನೇ ಸಲ ಮರಳಿದರೆ ಇನ್ನೊಂದು 795. ಎಂಟು ದಿನದ ತಡಕ್ಕೆ 1,675 ರೂಪಾಯಿ. ಸಂಬಳದ ಹಣ ಬಂದ ದಿನ ಖಾತೆಯ ಪಟ್ಟಿ ನೋಡಿ ಕಣ್ಣು ಕತ್ತಲಿಟ್ಟುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರ ಖಾತೆಯಲ್ಲಿ ವಾಯಿದೆಯ ದಿನ ಕೊರತೆ ಇದ್ದದ್ದು ಕೇವಲ ನೂರ ಚಿಲ್ಲರೆ ರೂಪಾಯಿ.

ಮ್ಯಾಂಡೇಟ್ ಇದ್ದಷ್ಟು ಹಣವನ್ನು ಹಿಡಿದುಕೊಂಡು ಉಳಿದದ್ದನ್ನು ಬಾಕಿ ಇಡುವುದಿಲ್ಲ. ಪೂರ್ತಿ ಕಂತು ಸಿಗಬೇಕು, ಇಲ್ಲವೇ ಪೂರ್ತಿ ಮರಳುತ್ತದೆ. ಖಾತೆಯಲ್ಲಿ 9,500 ಇದ್ದರೂ, ಸೊನ್ನೆ ಇದ್ದರೂ ಶುಲ್ಕ ಒಂದೇ. ಆದ್ದರಿಂದ ಮುಂದೆ ಯಾವ ದಾರಿ ಹಿಡಿದರೂ ನೀವು ಹೊಂದಿಸಬೇಕಾದದ್ದು ಕೊರತೆ ಬಿದ್ದ ಮೊತ್ತವನ್ನು ಮಾತ್ರ. 753 ರೂಪಾಯಿ ಕಡಿಮೆ ಇದ್ದವರು ಹತ್ತು ಸಾವಿರ ಸಾಲ ಹುಡುಕುವ ಅಗತ್ಯವಿಲ್ಲ. ಇನ್ನೊಂದು ಸಂಗತಿ: 2021ರ ಆಗಸ್ಟ್ 1ರಿಂದ ಈ ಮ್ಯಾಂಡೇಟ್ ವ್ಯವಸ್ಥೆ ವಾರದ ಏಳೂ ದಿನ ನಡೆಯುತ್ತಿದೆ. ವಾಯಿದೆ ಭಾನುವಾರ ಬಿದ್ದರೆ ಸೋಮವಾರದವರೆಗೆ ಉಸಿರಾಡಬಹುದು ಎಂಬ ಹಳೆಯ ಲೆಕ್ಕ ಈಗ ನಡೆಯದು.

ದಂಡ ಬಡ್ಡಿ ಹೋಗಿ ದಂಡ ಶುಲ್ಕ ಬಂದದ್ದು

ಮೇಲಿನ 54 ರೂಪಾಯಿ ಇಷ್ಟು ಸಣ್ಣದಾಗಿರುವುದಕ್ಕೆ ಒಂದು ಕಾರಣ ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ. ಅದಕ್ಕೆ ಮುಂಚೆ ಹಲವು ಕಡೆ ದಂಡವನ್ನು ಬಡ್ಡಿ ದರಕ್ಕೇ ಸೇರಿಸುತ್ತಿದ್ದರು. ಸೇರಿದ ದಂಡ ಅಸಲಿನೊಳಗೆ ಹೋಗಿ, ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಬೆಳೆಯುತ್ತಿತ್ತು. ಈಗ ಹಾಗೆ ಮಾಡುವಂತಿಲ್ಲ. ದಂಡವನ್ನು ಶುಲ್ಕವಾಗಿ ಬೇರೆಯಾಗಿಯೇ ತೋರಿಸಬೇಕು, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಬಾಕಿ ಬಿದ್ದ ಮೊತ್ತದ ಮೇಲೆ ಮಾತ್ರ ಹಾಕಬೇಕು, ಇಡೀ ಸಾಲದ ಮೇಲಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಹಳೆಯ ಸಾಲಗಳನ್ನು ಅದೇ ವರ್ಷದ ಜೂನ್ 30ರೊಳಗೆ ಈ ಪದ್ಧತಿಗೆ ತರಬೇಕಿತ್ತು. ಬ್ಯಾಂಕುಗಳಿಗೂ, ಗೃಹ ಸಾಲದ ಸಂಸ್ಥೆಗಳಿಗೂ, ಇತರ ಹಣಕಾಸು ಕಂಪನಿಗಳಿಗೂ, ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಕ್ರೆಡಿಟ್ ಕಾರ್ಡಿಗೆ ಅನ್ವಯಿಸುವುದಿಲ್ಲ. ಇಂಥ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಆದರೆ ಸುತ್ತೋಲೆ ದಂಡಕ್ಕೆ ಇಷ್ಟೇ ಎಂಬ ಮಿತಿ ಹಾಕಿಲ್ಲ, ಸಮಂಜಸವಾಗಿರಬೇಕು ಎಂದಷ್ಟೇ ಹೇಳಿದೆ. ಹಾಗಾಗಿ ಕೆಲವರು ಶೇಕಡಾ ಲೆಕ್ಕ ಬಿಟ್ಟು, ತಡವಾದರೆ ಇಷ್ಟು ಎಂದು ಒಂದೇ ಮೊತ್ತ ಹಿಡಿಯುತ್ತಾರೆ. ಮೇಷ್ಟ್ರ ಕರಾರಿನಲ್ಲಿ ಶೇಕಡಾ 24ರ ಬದಲು ತಡಕ್ಕೆ 500 ರೂಪಾಯಿ ಎಂದಿದ್ದರೆ, 54ರ ಜಾಗದಲ್ಲಿ 500 ಬಂದು ಕೂರುತ್ತಿತ್ತು. ಆಗ ಒಂದು ದಿನ ತಡವಾದರೂ ಇಪ್ಪತ್ತು ದಿನ ತಡವಾದರೂ ಅಷ್ಟೇ. ನಿಮ್ಮದು ಯಾವ ಬಗೆಯದು ಎಂದು ತಿಳಿಯಲು ಸಾಲ ಕೊಡುವಾಗ ಕೈಗಿಟ್ಟ, ಸಾಲದ ಮುಖ್ಯ ವಿವರಗಳಿರುವ ಕೆಎಫ್‌ಎಸ್ ಎಂಬ ಹಾಳೆಯನ್ನು ಹುಡುಕಿ. ದಂಡ ಶುಲ್ಕದ ಸಾಲು ಅದರಲ್ಲಿ ಇರಲೇಬೇಕು. ಶೇಕಡಾ ಬಗೆಯದಾದರೆ ದಿನ ಕಡಿಮೆಯಾದಷ್ಟೂ ಲಾಭ, ಒಂದೇ ಮೊತ್ತದ್ದಾದರೆ ತಡವೇ ಆಗದಂತೆ ನೋಡಿಕೊಳ್ಳುವುದರಲ್ಲಿ ಲಾಭ.

ದಾರಿಗಳನ್ನು ಒಂದೊಂದಾಗಿ ತೂಗಿದರೆ

ಏನೂ ಮಾಡದೆ ಬೌನ್ಸ್ ಆಗಲು ಬಿಟ್ಟು, ಹದಿಮೂರಕ್ಕೆ ಕಟ್ಟುವುದು ಒಂದು ದಾರಿ. ಖರ್ಚು 880, ಮತ್ತೆ ಕಳುಹಿಸಿದರೆ 1,675. ಇದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮರಳಿದ ಮ್ಯಾಂಡೇಟಿನ ಸಾಲು ಉಳಿಯುತ್ತದೆ. ನಾಳೆ ಗೃಹ ಸಾಲಕ್ಕೆ ಹೋದಾಗ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರಲ್ಲ, ಅಲ್ಲಿ ಅಧಿಕಾರಿಯ ಬೆರಳು ಮೊದಲು ನಿಲ್ಲುವುದು ಇಂಥ ಸಾಲುಗಳ ಮೇಲೆ. ಕಾನೂನಿನ ಕಡೆಯಿಂದಲೂ ಇದು ಹಗುರವಾದದ್ದಲ್ಲ. ಹಣವಿಲ್ಲದೆ ಮ್ಯಾಂಡೇಟ್ ಮರಳುವುದು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸಿನಂತೆಯೇ ಅಪರಾಧ. ನೋಟಿಸು ಬಂದ ಮೇಲೆ ಕಾಲಮಿತಿಯೊಳಗೆ ಹಣ ಕಟ್ಟಿದವರಿಗೆ ಅದರಿಂದ ತೊಂದರೆಯಿಲ್ಲ. ಎಂಟು ದಿನದ ತಡಕ್ಕೆ ಯಾರೂ ಕೋರ್ಟಿಗೆ ಹೋಗುವುದನ್ನು ನಾನು ನೋಡಿಲ್ಲ. ಆದರೂ ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಇದನ್ನು ಹಿಡಿಯಬೇಕು.

ಎರಡನೆಯದು, ಸಾಲ ಕೊಟ್ಟವರಿಗೆ ಮುಂಚೆಯೇ ಹೇಳಿ ಈ ತಿಂಗಳ ಮ್ಯಾಂಡೇಟನ್ನು ತಡೆಹಿಡಿಸುವುದು. ಒಪ್ಪಿದರೆ ಖರ್ಚು 85 ರೂಪಾಯಿ, ಅಷ್ಟೇ. ಇಷ್ಟು ಅಗ್ಗದ ದಾರಿ ಇದ್ದರೂ ಹೆಚ್ಚಿನವರಿಗೆ ಸಿಗದಿರುವುದು ಕೇಳುವ ಹೊತ್ತು ಮೀರುವುದರಿಂದ. ಮ್ಯಾಂಡೇಟಿನ ಕಡತವನ್ನು ವಾಯಿದೆಗೆ ಕೆಲವು ದಿನ ಮುಂಚೆಯೇ ತಯಾರಿಸಿರುತ್ತಾರೆ. ನಾಲ್ಕನೇ ತಾರೀಖು ಫೋನ್ ಮಾಡಿದರೆ "ಈಗ ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಒಂದು ವಾರ ಮುಂಚೆ ಇಮೇಲ್ ಬರೆಯಿರಿ, ಯಾವ ದಿನ ಕಟ್ಟುತ್ತೀರಿ ಎಂದು ತಾರೀಖು ಹಾಕಿ. ಒಪ್ಪಿಗೆ ಬಾಯಿಮಾತಿನಲ್ಲಿ ಬಂದರೆ, "ನಿಮ್ಮ ಪ್ರತಿನಿಧಿ ಹೀಗೆ ತಿಳಿಸಿದ್ದಾರೆ" ಎಂದು ಇಮೇಲಿನಲ್ಲಿ ದಾಖಲಿಸಿ. ಒಪ್ಪಲೇಬೇಕೆಂಬ ನಿಯಮ ಅವರಿಗಿಲ್ಲ. ಆದರೆ ಒಂದು ವರ್ಷ ತಪ್ಪದೆ ಕಟ್ಟಿದವರ ಮಾತಿಗೆ ಬೆಲೆ ಇರುತ್ತದೆ. ಇದರ ಬದಲು ನೀವೇ ನಿಮ್ಮ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ನಿಲ್ಲಿಸಿದರೆ ಉಪಯೋಗವಿಲ್ಲ. ಸಾಲ ಕೊಟ್ಟವರ ಪಾಲಿಗೆ ಅದೂ ಬೌನ್ಸೇ.

ಮೂರನೆಯದು, ಠೇವಣಿ ಇದ್ದವರಿಗೆ. ಠೇವಣಿಯನ್ನು ಮುರಿಯದೆ ಅದರ ಮೇಲೆ ಓವರ್‌ಡ್ರಾಫ್ಟ್, ಅಂದರೆ ಬೇಕಾದಾಗ ಬೇಕಾದಷ್ಟು ತೆಗೆಯುವ ಸಾಲ, ತೆಗೆದರೆ ಬಡ್ಡಿ ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದು ಅಥವಾ ಎರಡು ಶೇಕಡಾ ಹೆಚ್ಚು. ಠೇವಣಿಗೆ ಶೇಕಡಾ 7 ಬರುತ್ತಿದ್ದು ಓವರ್‌ಡ್ರಾಫ್ಟಿಗೆ 8 ಆದರೆ, 10,253ಕ್ಕೆ ಎಂಟು ದಿನದ ಬಡ್ಡಿ 18 ರೂಪಾಯಿ. ಬೌನ್ಸ್ ಇಲ್ಲ, ದಂಡವಿಲ್ಲ, ವರದಿಯಲ್ಲಿ ಗುರುತಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬಹಳ ಜನ ಓವರ್‌ಡ್ರಾಫ್ಟ್ ಎಂದರೆ ವ್ಯಾಪಾರಿಗಳಿಗೆ ಮಾತ್ರ ಎಂದುಕೊಂಡು ಠೇವಣಿಯನ್ನೇ ಮುರಿಸುತ್ತಾರೆ, ಅದು ದುಬಾರಿ. ಐವತ್ತು ಸಾವಿರದ ಒಂದು ವರ್ಷದ ಠೇವಣಿಯನ್ನು ಎಂಟನೇ ತಿಂಗಳಿಗೆ ಮುರಿದು, ಅವಧಿಗೆ ತಕ್ಕ ಕಡಿಮೆ ದರವೂ ಶೇಕಡಾ ಒಂದರ ದಂಡವೂ ಸೇರಿ 7ರ ಬದಲು 5 ಸಿಕ್ಕರೆ, ಕೈತಪ್ಪುವುದು ಸುಮಾರು 667 ರೂಪಾಯಿ. 18 ರೂಪಾಯಿಯಲ್ಲಿ ಆಗುವ ಕೆಲಸಕ್ಕೆ 667 ಕೊಟ್ಟಂತೆ. ಈ ಸೌಲಭ್ಯವನ್ನು ತೊಂದರೆ ಬಂದ ದಿನ ಹುಡುಕಬೇಡಿ. ಇಂದೇ ಶಾಖೆಗೆ ಹೋಗಿ ಮಾಡಿಸಿಟ್ಟುಕೊಳ್ಳಿ. ಬಳಸದಿದ್ದರೆ ಬಡ್ಡಿ ಬೀಳುವುದಿಲ್ಲ. ಅದಕ್ಕೆ ಬೇರೆ ಶುಲ್ಕವೇನಾದರೂ ಇದೆಯೇ ಎಂಬುದನ್ನು ಮಾತ್ರ ಕೇಳಿಕೊಳ್ಳಿ.

ಚಿನ್ನದ ಗಿರವಿಯ ವಿಷಯ ಬೇರೆ. ವರ್ಷಕ್ಕೆ ಶೇಕಡಾ 12ರಂತೆ ಎಂಟು ದಿನಕ್ಕೆ ಬಡ್ಡಿ 27 ರೂಪಾಯಿ ಮಾತ್ರ. ಆದರೆ ಚಿನ್ನ ಪರೀಕ್ಷಿಸುವ ಶುಲ್ಕ, ಅರ್ಜಿಯ ಶುಲ್ಕ ಸೇರುತ್ತವೆ, ಕೆಲವು ಕಡೆ ಇಷ್ಟು ದಿನದ ಬಡ್ಡಿ ಕೊಡಲೇಬೇಕು ಎಂಬ ಕರಾರೂ ಇರುತ್ತದೆ. ಅಡವಿಡಲು ಒಂದು ಸಲ, ಬಿಡಿಸಲು ಒಂದು ಸಲ ಶಾಖೆಗೆ ಹೋಗಬೇಕು, ಅಂದರೆ ಎರಡು ಅರ್ಧ ದಿನ. ದಿನಗೂಲಿಯವರಿಗೆ ಅದೇ ದೊಡ್ಡ ಖರ್ಚು. ಒಂದೇ ಕಂತಿಗಾಗಿ ಒಡವೆ ಅಡವಿಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಎರಡು ಮೂರು ಸಾಲಗಳ ಕಂತು ಒಟ್ಟಿಗೆ ಬಂದು ನಲವತ್ತು ಐವತ್ತು ಸಾವಿರ ಬೇಕಾದಾಗ ಮಾತ್ರ ಇದು ತೂಗುತ್ತದೆ.

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದನ್ನು ನೋಡೋಣ. ಶೇಕಡಾ 2.5ರ ಶುಲ್ಕ, ಕನಿಷ್ಠ 500 ರೂಪಾಯಿ ಎಂಬುದು ಸಾಮಾನ್ಯ ಕರಾರು. ನಗದಿಗೆ ಬಡ್ಡಿಯಿಲ್ಲದ ಅವಧಿ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ತಿಂಗಳಿಗೆ ಶೇಕಡಾ 3.5 ಎಂದುಕೊಂಡರೆ ಎಂಟು ದಿನಕ್ಕೆ 94. ಎರಡರ ಮೇಲೂ ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 701 ರೂಪಾಯಿ. ಬೌನ್ಸಿಗಿಂತ ಸ್ವಲ್ಪ ಕಡಿಮೆ ಮತ್ತು ಸಾಲದ ದಾಖಲೆ ಚೊಕ್ಕವಾಗಿ ಉಳಿಯುತ್ತದೆ ಎಂಬುದು ನಿಜ. ಆದರೆ ಇದು ಹದಿಮೂರನೇ ತಾರೀಖಿನಂದು ಕಾರ್ಡಿನ ಆ ಹಣವನ್ನು ಪೂರ್ತಿ ಕಟ್ಟಿಬಿಡುವವರ ಲೆಕ್ಕ. ಬಿಲ್ಲು ಬಂದ ಮೇಲೆ ನೋಡೋಣ ಎಂದು ಬಿಟ್ಟರೆ ವರ್ಷಕ್ಕೆ ಶೇಕಡಾ 42ರ ಬಡ್ಡಿ ಸಾಗುತ್ತಲೇ ಇರುತ್ತದೆ. ದೊಡ್ಡ ಕಂತಿನವರಿಗಂತೂ ಇದು ಸಲ್ಲದು. ನಲವತ್ತು ಸಾವಿರದ ಕಂತಿಗೆ ಶುಲ್ಕವೇ ಸಾವಿರ ರೂಪಾಯಿ, ಅದೇ ಬೌನ್ಸಿನ ಶುಲ್ಕ ಬಹಳ ಕಡೆ ಕಂತಿನ ಗಾತ್ರದ ಜೊತೆ ಬೆಳೆಯುವುದಿಲ್ಲ.

ನೂರಕ್ಕೆ ಐದು ರೂಪಾಯಿಯ ಬಡ್ಡಿಯವರು ಎಂಟು ದಿನಕ್ಕೂ ಒಂದು ತಿಂಗಳ ಬಡ್ಡಿ ಹಿಡಿಯುತ್ತಾರೆ, ಅದನ್ನೂ ಮುಂಗಡವಾಗಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. 10,253ಕ್ಕೆ 513 ರೂಪಾಯಿ. ಅಂಕಿ ನೋಡಿದರೆ ಬೌನ್ಸಿಗಿಂತ ಅಗ್ಗ ಎನ್ನಿಸುತ್ತದೆ. ಮುಂದಿನ ತಿಂಗಳು ಅಸಲು ಕೊಡಲಾಗದೆ ಬಡ್ಡಿ ಮಾತ್ರ ಕೊಟ್ಟು ಮುಂದೂಡುವವರೇ ಹೆಚ್ಚು, ಅಲ್ಲಿಂದ ಅದು ಎಂಟು ದಿನದ ಸಾಲವಾಗಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸಿಗುವ ಸಾಲದ ಆ್ಯಪ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ: ಅರ್ಜಿ ಶುಲ್ಕವನ್ನು ಮೊದಲೇ ಕಡಿದುಕೊಳ್ಳುತ್ತವೆ.

ಇನ್ನು ಕೈಗಡ. ಅಣ್ಣನ ಬಳಿಯೋ, ಸಹೋದ್ಯೋಗಿಯ ಬಳಿಯೋ ಎಂಟು ದಿನಕ್ಕೆ ತೆಗೆದುಕೊಂಡರೆ ಖರ್ಚು ಸೊನ್ನೆ. ಕೇಳಲು ಸಂಕೋಚವಾಗುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಕೊರತೆ ಬಿದ್ದ ಎರಡು ಸಾವಿರವನ್ನು ಮಾತ್ರ ಕೇಳಿ, ಕೊಡುವ ತಾರೀಖು ಹೇಳಿ, ಆ ದಿನ ಸಂಬಳ ಬಂದ ಕೂಡಲೇ ಬೇರೆಲ್ಲಕ್ಕಿಂತ ಮೊದಲು ಅದನ್ನು ಕಳುಹಿಸಿದರೆ ಸಂಬಂಧ ಕೆಡುವುದಿಲ್ಲ. ತಡವಾಗಿರುವುದು ಶಾಲೆಯದೇ ತಪ್ಪಾದ್ದರಿಂದ ಮೇಷ್ಟ್ರು ಆಡಳಿತ ಮಂಡಳಿಯನ್ನೇ ಸಂಬಳದ ಮುಂಗಡ ಕೇಳುವುದು ಇನ್ನೂ ನ್ಯಾಯ.

ಪ್ರತಿ ತಿಂಗಳೂ ಇದೇ ಆದರೆ

ಮೇಲಿನದೆಲ್ಲ ಒಂದು ತಿಂಗಳ ಮಾತು. ಸಂಬಳವೇ ಇನ್ನು ಮುಂದೆ ಹತ್ತರ ನಂತರ ಬರುವುದಾದರೆ ವಾಯಿದೆಯ ತಾರೀಖನ್ನೇ ಬದಲಿಸಿಕೊಳ್ಳಬೇಕು. ಎಲ್ಲರೂ ಒಪ್ಪುವುದಿಲ್ಲ, ಆದರೆ ಕೇಳಿದರೆ ಐದರಿಂದ ಹದಿನೈದಕ್ಕೆ ಸರಿಸುವ ಸಂಸ್ಥೆಗಳಿವೆ. ಇದು ಪುಕ್ಕಟೆಯಲ್ಲ. ನಡುವಿನ ಹತ್ತು ದಿನಕ್ಕೆ ಉಳಿದ ಸಾಲದ ಮೇಲೆ ಬಡ್ಡಿ ಬೀಳುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಮೇಷ್ಟ್ರ ಸಾಲ ಸುಮಾರು 2,13,500 ಉಳಿದಿದೆ, ಶೇಕಡಾ 14ರಂತೆ ಹತ್ತು ದಿನಕ್ಕೆ 819 ರೂಪಾಯಿ. ಜೊತೆಗೆ ಹೊಸ ಮ್ಯಾಂಡೇಟಿಗೆ ಸಣ್ಣ ಶುಲ್ಕವಿರಬಹುದು. ಒಂದೇ ಸಲದ ತಡಕ್ಕೆ ಇದು ನಷ್ಟ. ಎರಡನೇ ಬೌನ್ಸನ್ನು ತಪ್ಪಿಸಿದ ತಿಂಗಳಿಗೇ ಕೊಟ್ಟದ್ದು ಹೆಚ್ಚು ಕಡಿಮೆ ಮರಳಿ ಬಂದಿರುತ್ತದೆ, ಇನ್ನೂ ಇಪ್ಪತ್ತು ಚಿಲ್ಲರೆ ಕಂತು ಬಾಕಿ ಇರುವವರಿಗೆ ಇದಕ್ಕಿಂತ ಸರಿಯಾದದ್ದಿಲ್ಲ. ಇಪ್ಪತ್ತು ವರ್ಷದ ಗೃಹ ಸಾಲದವರು ಮಾತ್ರ ಮೊದಲು ಲೆಕ್ಕ ಹಾಕಿ ನೋಡಿ. ಉಳಿದ ಸಾಲ ಮೂವತ್ತು ಲಕ್ಷ, ಬಡ್ಡಿ ಶೇಕಡಾ 9 ಇದ್ದರೆ ಹತ್ತು ದಿನಕ್ಕೆ 7,397 ರೂಪಾಯಿ ಬರುತ್ತದೆ. ಅಂಥವರಿಗೆ ಒಂದು ಕಂತಿನಷ್ಟು ಹಣವನ್ನು ಖಾತೆಯಲ್ಲಿ ಸದಾ ಉಳಿಸಿಕೊಳ್ಳುವುದೇ ಮೇಲು.

ವರದಿಯಲ್ಲಿ ಬೀಳುವ ಗುರುತು

ವಾಯಿದೆಯ ದಿನ ಮುಗಿಯುವಾಗ ಕಂತು ಬಂದಿರದಿದ್ದರೆ ಖಾತೆ ಅಂದೇ ಸುಸ್ತಿ ಎನಿಸಿಕೊಳ್ಳುತ್ತದೆ. ಸಾಲಕ್ಕೆ ಮೂರು ದಿನದ ರಿಯಾಯಿತಿ ಇದೆ ಎಂದು ಹಲವರು ನಂಬಿದ್ದಾರೆ. ಅದು ಕ್ರೆಡಿಟ್ ಕಾರ್ಡಿನ ನಿಯಮ. ಕಾರ್ಡಿನ ಬಿಲ್ಲು ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ತಡ ಶುಲ್ಕ ಹಾಕಬೇಕು, ಆಮೇಲಷ್ಟೇ ವರದಿ ಮಾಡಬೇಕು ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ. ಕಂತಿನ ಸಾಲಕ್ಕೆ ಅಂಥದ್ದೊಂದು ಕಡ್ಡಾಯ ರಿಯಾಯಿತಿ ಇಲ್ಲ. ನಿಮ್ಮ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು.

2025ರ ಜನವರಿಯಿಂದ ಸಾಲದ ಮಾಹಿತಿ ಕ್ರೆಡಿಟ್ ವರದಿಯ ಸಂಸ್ಥೆಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗಬೇಕೆಂದಾಯಿತು, ಹದಿನೈದನೇ ತಾರೀಖಿನ ಮತ್ತು ತಿಂಗಳ ಕೊನೆಯ ಸ್ಥಿತಿಯಂತೆ. ಆ ಪದ್ಧತಿಯಲ್ಲಿ ಐದಕ್ಕೆ ಕಟ್ಟಬೇಕಾದದ್ದನ್ನು ಹದಿಮೂರಕ್ಕೆ ಕಟ್ಟಿದವರ ಖಾತೆ ಹದಿನೈದರ ಹೊತ್ತಿಗೆ ಚೊಕ್ಕವಾಗಿರಬಹುದು. ಅದೇ ಎಂಟು ದಿನದ ತಡ ಹತ್ತರಿಂದ ಹದಿನೆಂಟರವರೆಗೆ ಇದ್ದರೆ, ಹದಿನೈದರ ಚಿತ್ರದಲ್ಲಿ ಐದು ದಿನದ ಬಾಕಿ ಕಾಣಿಸುತ್ತದೆ. ಇದಕ್ಕಿಂತ ಬೇಗ ಬೇಗ ಮಾಹಿತಿ ಕಳುಹಿಸುವುದಕ್ಕೂ ಅವಕಾಶವಿದೆ, ಆದ್ದರಿಂದ ಈ ಲೆಕ್ಕವನ್ನೇ ನಂಬಿ ಕೂರುವುದು ಬೇಡ. ಒಂದು ವರ್ಷದೊಳಗೆ ಗೃಹ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದವರು ಮಾತ್ರ ಕಾರ್ಡಿನ 701 ರೂಪಾಯಿ ಕೊಟ್ಟಾದರೂ ಗುರುತು ಬೀಳದಂತೆ ನೋಡಿಕೊಳ್ಳುವುದರಲ್ಲಿ ಅರ್ಥವಿದೆ.

ಬೆಳೆ ಸಾಲದ ಲೆಕ್ಕವೇ ಬೇರೆ

ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಬೆಳೆ ಸಾಲ ತೆಗೆದವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೂರು ಲಕ್ಷದವರೆಗಿನ ಸಾಲಕ್ಕೆ ಶೇಕಡಾ 7 ಬಡ್ಡಿ, ವಾಯಿದೆಯೊಳಗೆ ಕಟ್ಟಿದವರಿಗೆ ಶೇಕಡಾ 3 ರಿಯಾಯಿತಿ, ಉಳಿಯುವುದು 4. ವಾಯಿದೆ ಮೀರಿದರೆ ಇಡೀ ವರ್ಷದ ಆ ರಿಯಾಯಿತಿ ಕೈತಪ್ಪುತ್ತದೆ. ಒಂದೂವರೆ ಲಕ್ಷದ ಸಾಲಕ್ಕೆ ಅದು 4,500 ರೂಪಾಯಿ, ದಂಡ ಬೇರೆ. ನಮ್ಮ ರಾಜ್ಯದ ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಸಾಲಕ್ಕೂ ವಾಯಿದೆಯೊಳಗೆ ಕಟ್ಟುವುದೇ ಷರತ್ತು. ಹಾಗಾಗಿ ಅಡಿಕೆಯ ಹಣವೋ ಮೆಕ್ಕೆಜೋಳದ ಹಣವೋ ವಾರ ತಡವಾಗಿ ಬರುತ್ತದೆ ಎಂದು ಗೊತ್ತಾದ ರೈತರು, ನಾನು ಮೇಲೆ ಬೇಡವೆಂದ ಚಿನ್ನದ ಗಿರವಿಯನ್ನೇ ಮಾಡಿ, ವಾಯಿದೆಯೊಳಗೆ ಕಟ್ಟುವುದು ಸರಿ. ಒಂದೂವರೆ ಲಕ್ಷಕ್ಕೆ ಶೇಕಡಾ 12ರಂತೆ ಹತ್ತು ದಿನದ ಬಡ್ಡಿ 493 ರೂಪಾಯಿ. ಶುಲ್ಕಗಳು ಸೇರಿದರೂ 4,500ರ ಹತ್ತಿರಕ್ಕೆ ಹೋಗುವುದಿಲ್ಲ.

ಸ್ವಸಹಾಯ ಗುಂಪಿನ ಮೂಲಕವೋ ನೇರವಾಗಿಯೋ ಕಿರು ಹಣಕಾಸು ಸಂಸ್ಥೆಯ ಸಾಲ ಪಡೆದ ತಾಯಂದಿರಿಗೆ ಒಂದು ಮಾತು. 2022ರ ಮಾರ್ಚ್‌ನ ನಿರ್ದೇಶನದಂತೆ ಅಲ್ಲಿಯೂ ದಂಡ ಬಾಕಿ ಬಿದ್ದ ಕಂತಿನ ಮೇಲೆ ಮಾತ್ರ. ಇಡೀ ಸಾಲದ ಮೇಲೆ ದಂಡ ಕೇಳಿದರೆ ಕೊಡಬೇಕಾಗಿಲ್ಲ.

ಕಟ್ಟಿದ ಮೇಲೆ ನೋಡಬೇಕಾದದ್ದು

ಬೌನ್ಸ್ ಆಗಿಯೇಬಿಟ್ಟರೆ ಮತ್ತೆ ಮ್ಯಾಂಡೇಟ್ ಬರಲಿ ಎಂದು ಕಾಯಬೇಡಿ. ಹಣ ಕೈಗೆ ಬಂದ ದಿನವೇ ಸಂಸ್ಥೆಯ ಆ್ಯಪ್ ಅಥವಾ ಶಾಖೆಯಲ್ಲಿ ಕಟ್ಟಿ, ಮರುದಿನ ಮತ್ತೆ ಮ್ಯಾಂಡೇಟ್ ಕಳುಹಿಸದಂತೆ ತಿಳಿಸಿ. ಕಟ್ಟುವಾಗ ಒಂದು ಎಚ್ಚರ ಬೇಕು. ಕೆಲವು ಕಡೆ ಬಂದ ಹಣವನ್ನು ಮೊದಲು ಶುಲ್ಕಗಳಿಗೆ ಜಮಾ ಮಾಡಿಕೊಂಡು ಉಳಿದದ್ದನ್ನು ಕಂತಿಗೆ ಹಾಕುತ್ತಾರೆ. ಮೇಷ್ಟ್ರು ಸರಿಯಾಗಿ 10,253 ಕಟ್ಟಿದರೆ, ಅದರಲ್ಲಿ 500 ಬೌನ್ಸಿಗೆ ಹೋಗಿ ಕಂತಿನಲ್ಲಿ 500 ಬಾಕಿ ಉಳಿಯುತ್ತದೆ. ಕಂತು ಕಟ್ಟಿದೆ ಎಂದು ಅವರು ನಿಶ್ಚಿಂತರಾಗಿರುತ್ತಾರೆ, ಖಾತೆ ಮಾತ್ರ ದಿನದಿಂದ ದಿನಕ್ಕೆ ಸುಸ್ತಿಯಾಗಿಯೇ ಇರುತ್ತದೆ. ಆದ್ದರಿಂದ ಶುಲ್ಕ ಸೇರಿಸಿ ಕಟ್ಟಿ. ಶುಲ್ಕದ ಬಗ್ಗೆ ತಕರಾರು ಇದ್ದರೆ, ಈ ಹಣವನ್ನು ಕಂತಿಗೇ ಜಮಾ ಮಾಡಿ ಎಂದು ಬರೆದು ಕೊಟ್ಟು ತಕರಾರನ್ನು ಬೇರೆ ನಡೆಸಿ.

ಮುಂದಿನ ತಿಂಗಳು ಸಾಲದ ಖಾತೆಯ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಅಲ್ಲಿ ಮೂರು ವಿಷಯ ಹುಡುಕಿ: ದಂಡ ಶುಲ್ಕ ಬೇರೆ ಸಾಲಿನಲ್ಲಿದೆಯೇ, ಅದು ಎಂಟು ದಿನಕ್ಕೆ ಸರಿಹೊಂದುತ್ತದೆಯೇ, ಉಳಿದ ಅಸಲು ಮರುಪಾವತಿಯ ಪಟ್ಟಿಯಲ್ಲಿರುವಷ್ಟೇ ಇದೆಯೇ. ಅಸಲು ಪಟ್ಟಿಗಿಂತ 54 ಅಥವಾ 554 ರೂಪಾಯಿ ಹೆಚ್ಚಾಗಿ ಕಂಡರೆ ದಂಡವನ್ನು ಅಸಲಿಗೆ ಸೇರಿಸಿದ್ದಾರೆ ಎಂದು ಅನುಮಾನಿಸಬೇಕು, ಹಾಗೆ ಸೇರಿಸುವಂತಿಲ್ಲ. ಸುತ್ತೋಲೆಯ ತಾರೀಖು ಹಾಕಿ ಸಂಸ್ಥೆಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ವಿಚಾರಿಸಲು 14448 ಸಂಖ್ಯೆಗೆ ಕರೆ ಮಾಡಬಹುದು. ತಪ್ಪು ಯಾವುದೂ ಇಲ್ಲದಿದ್ದರೂ, ಇದೇ ಮೊದಲ ತಡವಾಗಿದ್ದು ಸಂಬಳ ತಡವಾದದ್ದಕ್ಕೆ ಶಾಲೆಯ ಪತ್ರವಿದ್ದರೆ, ಬೌನ್ಸಿನ 500 ರೂಪಾಯಿ ಮನ್ನಾ ಮಾಡಿ ಎಂದು ಒಂದು ಇಮೇಲ್ ಬರೆದು ನೋಡಿ. ಶಾಖೆಯ ವ್ಯವಸ್ಥಾಪಕರು ಹಾಗೆ ಮನ್ನಾ ಮಾಡಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.